ಮನೆಯಲ್ಲಿ ಬೇರೆ ಯಾರೂ ಇಲ್ಲ

ಡೀನ್ ಕಚೇರಿಯ ಹೊರಗಿದ್ದ ಬೆಂಚಿನ ಒಂದು ಕಾಲು ಗಿಡ್ಡ. ಅವನು ಕೊಂಚ ಅಲ್ಲಾಡಿದರೂ ಅದು ಟಕ್ಕೆನ್ನುತ್ತಿತ್ತು, ಟಕ್ಕೆಂದಾಗಲೆಲ್ಲ ಬಾಗಿಲ ಬಳಿಯ ಜವಾನ ತಲೆಯೆತ್ತಿ ನೋಡುತ್ತಿದ್ದ. ಆ ನೋಟದಲ್ಲಿ ಏನೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ ಇವನದು; ತೊಡೆಯ ಮೇಲಿನ ಫೈಲನ್ನು ಮತ್ತೆ ಬಿಚ್ಚಿದ, ಎಲ್ಲ ಕಾಗದ ಇವೆಯೇ ಎಂದು ಮತ್ತೆ ನೋಡಿದ. ಮೇಲೆ ಒಂದು ಸೆಮಿಸ್ಟರ್ ರಜೆಯ ಅರ್ಜಿ, ಎರಡು ಪ್ರತಿ. ಅದರ ಕೆಳಗೆ ಅಪ್ಪನನ್ನು ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ವರದಿ. ಅದರ ಕೆಳಗೆ ವೈದ್ಯರ ಪ್ರಮಾಣಪತ್ರ: ರೋಗಿಗೆ ದೇಹದ ಬಲಭಾಗ ಸ್ವಾಧೀನದಲ್ಲಿಲ್ಲ, ಮಾತು ಹೋಗಿದೆ, ಮುಂದಿನ ಆರು ತಿಂಗಳು ಸದಾ ಒಬ್ಬರು ಜೊತೆಗಿರಬೇಕು. ಆಮೇಲೆ ಪೋಷಕರ ಒಪ್ಪಿಗೆ ಪತ್ರ, ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲ್ ಮೂರೂ ಕಡೆಯಿಂದ ಬಾಕಿ ಇಲ್ಲವೆಂಬ ಚೀಟಿಗಳು. ಸಲಹೆಗಾರ ಮೇಷ್ಟ್ರ ಶಿಫಾರಸು, ವಿಭಾಗದ ಮುಖ್ಯಸ್ಥರ ಸಹಿ. ಎಲ್ಲ ಸರಿಯಾಗಿತ್ತು. ಅರ್ಜಿಯ ಎಂಟನೆಯ ಕಲಮಿನಲ್ಲಿ ‘ರೋಗಿಯನ್ನು ನೋಡಿಕೊಳ್ಳಬಲ್ಲ ಇತರ ವಯಸ್ಕರು’ ಎಂಬುದರ ಎದುರು ‘ಮನೆಯಲ್ಲಿ ಬೇರೆ ಯಾರೂ ಇಲ್ಲ’ ಎಂದು ಅವನೇ ಬರೆದದ್ದು ಇಡೀ ಅರ್ಜಿಯಲ್ಲೇ ಅತ್ಯಂತ ಮುದ್ದಾದ ಅಕ್ಷರದಲ್ಲಿತ್ತು. ಸುಳ್ಳು ಬರೆಯುವಾಗ ಕೈ ನಡುಗುತ್ತದೆ ಅನ್ನುತ್ತಾರೆ, ಅವನಿಗೆ ನಡುಗಲಿಲ್ಲ. ಅದೇ ಅವನನ್ನು ಈಗ ಬೆಂಚಿನ ಮೇಲೆ ನೆಟ್ಟಗೆ ಕೂರಲು ಬಿಡುತ್ತಿರಲಿಲ್ಲ.

ಅಕ್ಕ ಈ ಹೊತ್ತಿಗೆ ಅಪ್ಪನನ್ನು ಎಡಮಗ್ಗುಲಿಗೆ ತಿರುಗಿಸಿರುತ್ತಾಳೆ. ಮಂಡಿಗಳ ನಡುವೆ ಒಂದು ದಿಂಬು, ಬೆನ್ನಿಗೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಒಂದು. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತು ಯಾವುದೋ ಹಾಡಿನ ಎರಡೇ ಸಾಲು ಗುನುಗಿ ಮೂರನೆಯದನ್ನು ಮರೆಯುತ್ತಾಳೆ. ಅವಳು ಇಲ್ಲ. ಎಂಟನೆಯ ಕಲಮಿನ ಪ್ರಕಾರ ಆ ಕಿಟಕಿಯ ಬಳಿ ಯಾರೂ ಇಲ್ಲ.

ಮೊದಲು ಅವನು ನಿಜವನ್ನೇ ಬರೆದಿದ್ದ. ‘ಅಕ್ಕ ಇದ್ದಾಳೆ, ಆದರೆ ತಿಂಗಳ ಕೊನೆಗೆ ತರಬೇತಿಗೆ ಹೋಗಬೇಕಾಗಿದೆ’ ಎಂದು. ಶೈಕ್ಷಣಿಕ ವಿಭಾಗದ ಕಿಂಡಿಯಲ್ಲಿ ಕೂತಿದ್ದ ಗುಮಾಸ್ತರು ಅದನ್ನು ಓದಿ, ಕನ್ನಡಕವನ್ನು ಹಣೆಗೇರಿಸಿ, ಇವನ ಮುಖವನ್ನೇ ನೋಡಿದರು. ಕನ್ನಡಕದ ಎಡಗಾಜಿನ ಅಂಚಿನಲ್ಲಿ ಬಿರುಕಿತ್ತು. ಕನ್ನಡಕದ ಅಂಗಡಿ ಇಟ್ಟಿದ್ದ ಅಪ್ಪ ಕಂಡಿದ್ದರೆ ಅಲ್ಲೇ ಕಿತ್ತುಕೊಂಡು ಗಾಜು ಬದಲಿಸಿ ಕೊಡುತ್ತಿದ್ದ. “ಏನಪ್ಪಾ, ನಿಂಗೆ ರಜೆ ಬೇಕೋ ಬೇಡ್ವೋ?” ಎಂದರು ಗುಮಾಸ್ತರು. “ಮನೇಲಿ ದೊಡ್ಡೋರು ಇನ್ನೊಬ್ರು ಇದ್ದಾರೆ ಅಂತ ಬರೆದ್ರೆ ಡೀನ್ ಒಬ್ರೇ ಸಹಿ ಹಾಕೋ ಹಾಗಿಲ್ಲ. ಸಮಿತಿಗೆ ಹೋಗುತ್ತೆ. ಸಮಿತಿ ಕೂತು, ಚಾ ಕುಡಿದು, ಏಳೋ ಹೊತ್ತಿಗೆ ರಜೆಯ ಕೊನೇ ದಿನಾಂಕ ದಾಟಿರುತ್ತೆ. ದಾಟಿದ್ಮೇಲೆ ಹೋದ್ರೆ ಅದು ರಜೆ ಅಲ್ಲ, ಗೈರುಹಾಜರಿ. ಅಷ್ಟೂ ವಿಷಯ ಫೇಲು, ವಿದ್ಯಾರ್ಥಿವೇತನಾನೂ ರದ್ದು. ರಜೆ ಸಿಕ್ಕಿದ್ರೆ ವೇತನ ನಿಂತಿರುತ್ತೆ ಅಷ್ಟೆ, ವಾಪಸು ಬಂದಾಗ ಮತ್ತೆ ಶುರು.” ಅಕ್ಕನ ತರಬೇತಿ, ಅದರ ವಯಸ್ಸಿನ ಮಿತಿ, ಇದು ಅವಳಿಗೆ ಕೊನೆಯ ವರ್ಷ ಎಂಬುದನ್ನೆಲ್ಲ ಅವನು ತೊದಲಿದ. ಗುಮಾಸ್ತರು ಕೇಳಿಸಿಕೊಂಡರು, ಮನುಷ್ಯ ಒಳ್ಳೆಯವರು. “ಅದು ಅವರ ಓದು, ಅವರ ಕೆಲಸ. ನಿಯಮದಲ್ಲಿ ಇರೋದು ಮನೆಯವರ ಕಾಯಿಲೆ. ಅಕ್ಕನ ಆಸೆ ಅಂತ ಕಲಂ ಇಲ್ಲ,” ಎಂದು ಹೊಸದೊಂದು ಖಾಲಿ ನಮೂನೆಯನ್ನು ಕಿಂಡಿಯಿಂದ ಹೊರಕ್ಕೆ ತಳ್ಳಿ, “ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ,” ಎಂದರು. ಹಳೆಯದನ್ನು ಅವನು ಹರಿದು ಹಾಕಲಿಲ್ಲ. ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ, ಹರಿದರೆ ಯಾರೋ ಕೇಳಿಯಾರು ಎಂಬಂತೆ.

ತರಬೇತಿಯ ಪತ್ರವನ್ನು ಅಕ್ಕ ಅವನಿಗೆ ತೋರಿಸಿರಲಿಲ್ಲ. ರಜೆಗೆ ಮನೆಗೆ ಹೋಗಿದ್ದಾಗ ಬಾಚಣಿಗೆ ಹುಡುಕುತ್ತ ಕನ್ನಡಿಯ ಹಿಂದೆ ಕೈ ಹಾಕಿದ್ದ. ನಗರದ ರೈಲು ಓಡಿಸುವವರ ತರಬೇತಿಗೆ ಆಯ್ಕೆಯಾಗಿದ್ದೀರಿ, ಅಲ್ಲೇ ಉಳಿದುಕೊಂಡು ಕಲಿಯಬೇಕು, ಇಂಥ ದಿನದೊಳಗೆ ಒಪ್ಪಿಗೆ ತಿಳಿಸಿ ಎಂದಿತ್ತು. ಅಪ್ಪನಿಗೆ ಲಕ್ವ ಹೊಡೆಯುವುದಕ್ಕೆ ಮುಂಚೆ ಬರೆದ ಪರೀಕ್ಷೆ ಅದು. ಬಣ್ಣಬಣ್ಣದ ದೀಪ ಹೊತ್ತಿದ ಕೂಡಲೆ ಗುಂಡಿ ಒತ್ತುವ ಪರೀಕ್ಷೆಯೊಂದಿರುತ್ತದೆಂದು ಅವಳು ಅಪ್ಪನ ಅಂಗಡಿಯಲ್ಲಿ ಕೂತು ಅಭ್ಯಾಸ ಮಾಡಿದ್ದಳು. ಅಪ್ಪ ಕೆಂಪು, ಹಸಿರು ಗಾಜಿನ ಚೂರುಗಳನ್ನು ದೀಪದ ಮುಂದೆ ಸರಕ್ಕನೆ ಹಿಡಿಯುವುದು, ಇವಳು ಮೇಜು ಕುಟ್ಟುವುದು. ಅಪ್ಪನಿಗೆ ಕನ್ನಡಕ ಮಾಡುವುದು ಬರಿಯ ಕಸುಬಾಗಿರಲಿಲ್ಲ, ಕೊಬ್ಬೂ ಆಗಿತ್ತು. ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಎದುರು ಸ್ಟೂಲು. ಅಪ್ಪ ಎಡ ಅಂಗೈಯಿಂದ ತನ್ನ ಒಂದು ಕಣ್ಣು ಮುಚ್ಚಿ ತೋರಿಸಿದನೆಂದರೆ ಮಕ್ಕಳು ಹಾಗೆ ಮುಚ್ಚಿಕೊಂಡು ಓದಬೇಕು. ಅಕ್ಕ ಕಟ್ಟಕಡೆಯ ಸಾಲನ್ನು, ಕೆಳಗೆ ಮುದ್ರಣಾಲಯದವರು ಹಾಕಿದ ಸಂಖ್ಯೆಯನ್ನೂ ಸೇರಿಸಿ, ಓದಿಬಿಡುತ್ತಿದ್ದಳು. “ಹದ್ದು, ನನ್ನ ಮಗಳು ಹದ್ದು!” ಅವನಿಗೆ ನಡುವಿನ ಸಾಲಿಗೇ ಅಕ್ಷರಗಳು ಇರುವೆಗಳಾಗುತ್ತಿದ್ದವು. ಕನ್ನಡಕದವನ ಮಗನಿಗೇ ದಪ್ಪ ಗಾಜು, ದೀಪದ ಬುಡದಲ್ಲಿ ಕತ್ತಲು ಎಂದು ಗಿರಾಕಿಗಳು ನಗುತ್ತಿದ್ದರು; ಅಕ್ಕ ‘ಸೋಡಾಬುಡ್ಡಿ’ ಎಂದು ಕರೆಯತೊಡಗಿ, ಅದು ಸವೆದು ‘ಬುಡ್ಡಿ’ಯಾಗಿ, ಇವತ್ತಿಗೂ ಹಾಗೇ ನಿಂತಿದೆ. ಒಮ್ಮೆ ಅವನು ಅಕ್ಕ ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಕೊನೆಯ ಸಾಲನ್ನು ಗಟ್ಟಿಯಾಗಿ ಒಪ್ಪಿಸಿದ. ಅಪ್ಪ ಹಲಗೆಯನ್ನು ತಿರುಗಿಸಿದ. ಹಿಂದುಗಡೆ ಬೇರೆ ಅಕ್ಷರಗಳಿದ್ದವು, ಇವನು ಮತ್ತೆ ಅದೇ ಸಾಲನ್ನು ಒಪ್ಪಿಸಿದ. “ಕಾಣೋದನ್ನ ಹೇಳೋ. ಕಾಣದೇ ಇದ್ರೆ ಕಾಣಲ್ಲ ಅನ್ನು. ನಾನೇನು ಹೊಡೀತೀನಾ?” ಎಂದ ಅಪ್ಪ, ಬೇಸರದಿಂದ. ಹೊಡೆದಿದ್ದರೆ ಚೆನ್ನಾಗಿತ್ತು.

“ನಿಜ ಹೇಳು,” ಎಂದಿದ್ದರು ಸಲಹೆಗಾರ ಮೇಷ್ಟ್ರು ಶಿಫಾರಸು ಬರೆಯುವ ಮುಂಚೆ, ಪೆನ್ನಿನ ಮುಚ್ಚಳವನ್ನು ಹಲ್ಲಿಗೆ ಬಡಿಯುತ್ತ. “ಕಳೆದ ಸಲ ಎರಡು ವಿಷಯದಲ್ಲಿ ಕೂದಲೆಳೆಯಲ್ಲಿ ಪಾಸಾಗಿದ್ದೀಯ. ಈ ಸಲದ್ದು ಇನ್ನೂ ಕಷ್ಟ. ಓಡಿಹೋಗೋಕೆ ಇದೊಂದು ನೆಪ ಅಲ್ಲ ತಾನೇ?” ಅಲ್ಲ ಸರ್ ಎಂದ. ಮೇಷ್ಟ್ರು ನಂಬಿ ಬರೆದರು. ಬರೆಯುತ್ತಲೇ ಲೆಕ್ಕ ಒಪ್ಪಿಸಿದರು: ಹೆಸರಿಗೆ ಒಂದು ಸೆಮಿಸ್ಟರ್, ನಷ್ಟ ಒಂದು ವರ್ಷ, ಏಕೆಂದರೆ ಈ ವಿಷಯಗಳನ್ನು ವರ್ಷಕ್ಕೊಂದು ಸಲ ಮಾತ್ರ ಹೇಳಿಕೊಡುವುದು, ಜೊತೆಗಿದ್ದವರೆಲ್ಲ ಮುಂದಿನ ತರಗತಿಗೆ ಹೋಗಿರುತ್ತಾರೆ, ಇವನು ತಮ್ಮಂದಿರ ವಯಸ್ಸಿನವರ ಜೊತೆ ಕೂರಬೇಕು, ಕಟ್ಟಿದ ಶುಲ್ಕ ಮುಂದಕ್ಕೆ ಜಮೆಯಾಗುತ್ತದೆ, ಹಾಸ್ಟೆಲ್ ಕೋಣೆ ಉಳಿಯುವುದಿಲ್ಲ, ವಾಪಸು ಬರಲು ತಿಂಗಳು ಮುಂಚೆಯೇ ಮರುಸೇರ್ಪಡೆಗೆ ಅರ್ಜಿ ಹಾಕದಿದ್ದರೆ ಹೆಸರೇ ಹೊಡೆದುಹಾಕುತ್ತಾರೆ. ಅವನು ತಲೆಯಾಡಿಸುತ್ತಿದ್ದ. ತಲೆಯೊಳಗೆ ಮಾತ್ರ ‘ನೆಪ’ ಎಂಬುದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತಿತ್ತು. ರಜೆ ಹಾಕೋಣ ಎಂದು ಮೊದಲು ಹೊಳೆದದ್ದು ಯಾವಾಗ? ಕನ್ನಡಿಯ ಹಿಂದಿನ ಪತ್ರ ಓದಿದಾಗಲೋ, ಅಥವಾ ಅದಕ್ಕೂ ಮುಂಚೆ, ಪ್ರಶ್ನೆಪತ್ರಿಕೆ ಬಿಡಿಸಿ ಒಂದಕ್ಷರವೂ ತಿಳಿಯದೆ ಕಿಟಕಿಯಾಚೆ ನೋಡುತ್ತ ‘ಅಪ್ಪನಿಗೆ ಹೀಗಾಗಿದೆ, ನನ್ನನ್ನು ಯಾರೂ ಬಯ್ಯುವುದಿಲ್ಲ’ ಎಂದುಕೊಂಡಾಗಲೋ? ಆ ದಿನ ಅವನಿಗೆ ನೆಮ್ಮದಿಯಾಗಿತ್ತು. ಅಪ್ಪ ಬಿದ್ದದ್ದರಿಂದ ತನಗೊಂದು ನೆಮ್ಮದಿ ಸಿಕ್ಕಿತ್ತು. ಇದನ್ನು ಯಾವ ಕಲಮಿನಲ್ಲಿ ಬರೆಯುತ್ತಾರೆ?

ಒಪ್ಪಿಗೆ ಪತ್ರಕ್ಕೆ ಅಪ್ಪನ ಹೆಬ್ಬೆಟ್ಟು ಬೇಕಿತ್ತು. ತಿಂಗಳ ತಪಾಸಣೆಗೆ ಆಸ್ಪತ್ರೆಗೆ ಹೋದ ದಿನ ಅಕ್ಕ ಔಷಧಿಯ ಸಾಲಿನಲ್ಲಿ ನಿಂತಿದ್ದಾಗ, ಗಾಲಿಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋಗಿ ವೈದ್ಯರ ಮುಂದೆ ಕಾಗದವಿಟ್ಟ. ತಮ್ಮ ಎದುರಿಗೇ ಒತ್ತಿಸಿದರೆ ಮಾತ್ರ ದೃಢೀಕರಿಸುತ್ತೇನೆ ಎಂದರು ಅವರು, ಅದೇ ನಿಯಮ. ಅಪ್ಪನಿಗೆ ಉಳಿದಿದ್ದುದು ಒಂದೇ ಮಾತು, ‘ಆಯ್ತು.’ ನಾಳೆ ಬನ್ನಿ ಎಂದು ಗಿರಾಕಿಗಳನ್ನು ಸಾಗಹಾಕುವಾಗ ಅನ್ನುತ್ತಿದ್ದ ‘ಆಯ್ತು’, ಯಾಕೋ ಅದೊಂದೇ ಅಳಿಯದೆ ಉಳಿದಿತ್ತು. ನೀರು ಬೇಕೆಂದರೂ ಆಯ್ತು, ನೋವಾದರೂ ಆಯ್ತು. “ಅಪ್ಪಾ, ಒಂದು ಸೆಮಿಸ್ಟರ್ ರಜೆ ಹಾಕ್ಲಾ?” “ಆಯ್ತು.” ವೈದ್ಯರು ಮುಗುಳ್ನಕ್ಕು ಶಾಯಿಯ ಡಬ್ಬಿ ತೆರೆದರು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಹೆಬ್ಬೆಟ್ಟು ಒತ್ತಿಸಿದ ಮೇಲೆ, ಕುರ್ಚಿ ತಳ್ಳಿಕೊಂಡು ಹೊರಗೆ ಬರುವಾಗ, ಅವನು ಬಗ್ಗಿ ಮೆಲ್ಲಗೆ ಕೇಳಿದ: “ಹಾಕೋದು ಬೇಡ್ವಾ ಅಪ್ಪಾ?” “ಆಯ್ತು.” ಹತ್ತಿಯಿಂದ ಒರೆಸಿದರೂ ಬೆರಳಿನ ನೀಲಿ ಹೋಗಲಿಲ್ಲ. ಸಂಜೆ ಅಕ್ಕ ಅದನ್ನು ಸೋಪಿನಲ್ಲಿ ಉಜ್ಜುತ್ತ, “ಇದೇನೋ ಬುಡ್ಡಿ?” ಎಂದಳು. ಪೆನ್ನು ಸೋರಿತು ಎಂದ.

ಜವಾನ ಕೈಸನ್ನೆ ಮಾಡಿದ. ಬೆಂಚು ಟಕ್ಕೆಂದಿತು.

ಡೀನ್ ಮೇಡಂ ಅವನಿಗೆ ಕೂರಲು ಹೇಳಿ ಕಾಗದಗಳನ್ನು ಒಂದೊಂದಾಗಿ, ಹಿಂದೆ ಮುಂದೆ ನೋಡಿ, ಓದಿದರು. ಮೇಜಿನ ಮೇಲೆ ಒಂದು ಫೋನು, ಒಂದು ಲೋಟ ನೀರು, ಯಾರದೋ ಮದುವೆಯ ಕರೆಯೋಲೆ. ಅವರು ಗಟ್ಟಿಗಿತ್ತಿ ಎಂದು ಹೆಸರಾದವರು. ಆದರೆ ವೈದ್ಯರ ಪ್ರಮಾಣಪತ್ರ ಬಂದಾಗ ಅವರ ಬೆರಳು ನಿಧಾನವಾಯಿತು.

“ನೋಡ್ಕೊಳ್ಳೋದು ನೀನೇನಾ?”

“ಹೌದು ಮೇಡಂ.”

“ನಮ್ಮಮ್ಮ ಮೂರು ವರ್ಷ ಹಾಗೇ ಮಲಗಿದ್ರು,” ಎಂದರು ಅವರು, ಯಾವ ಪೀಠಿಕೆಯೂ ಇಲ್ಲದೆ. “ಗಂಡುಹುಡುಗ ನೀನು. ಎಷ್ಟು ಹೊತ್ತಿಗೊಂದ್ಸಲ ತಿರುಗಿಸ್ತೀಯ?”

ಇದು ಅರ್ಜಿಯಲ್ಲಿರಲಿಲ್ಲ. “ಎರಡು ಗಂಟೆಗೊಂದ್ಸಲ,” ಎಂದ. ಆಮೇಲೆ ಬಾಯಿ ತಾನಾಗಿಯೇ ಹೇಳತೊಡಗಿತು. ಬಿದ್ದಿರುವ ಕೈ ಹಿಡಿದು ಎಳೀಬಾರದು, ಭುಜ ಕಳಚುತ್ತೆ. ಸೊಂಟದ ಹತ್ತಿರ ಕೆಂಪಾಗಿದ್ರೆ ಬೆರಳಲ್ಲಿ ಒತ್ತಿ ನೋಡ್ಬೇಕು, ಬಿಳಿಯಾದ್ರೆ ಪರವಾಗಿಲ್ಲ, ಆಗದಿದ್ರೆ ಹುಣ್ಣು ಶುರುವಾಗಿದೆ ಅಂತ. ನೀರು ತೆಳ್ಳಗೆ ಕೊಟ್ರೆ ಶ್ವಾಸಕ್ಕೆ ಹೋಗುತ್ತೆ, ಗಟ್ಟಿ ಮಾಡಿ, ಕೂರಿಸಿ, ಗಲ್ಲ ಎದೆಗೆ ತಾಗಿಸಿ ಚಮಚ ಚಮಚ. ಚಮಚ ಎಡಗಡೆಯಿಂದ, ಅಲ್ಲೇ ನಾಲಿಗೆಗೆ ಗೊತ್ತಾಗೋದು. ಉಂಡ್ಮೇಲೆ ಕೂಡಲೇ ಮಲಗಿಸ್ಬಾರದು. ಒಂದೊಂದು ಮಾತೂ ಅಕ್ಕನದು. ‘ಗಲ್ಲ ಎದೆಗೆ’ ಅನ್ನುವಾಗ ಅವಳು ತನ್ನದೇ ಗಲ್ಲವನ್ನು ಎದೆಗೆ ತಾಗಿಸಿ ತೋರಿಸುತ್ತಿದ್ದಳು. ಅವನೂ ಡೀನ್ ಎದುರು ಹಾಗೇ ತಾಗಿಸಿದ. ನಿಜದಲ್ಲಿ ಒಂದೇ ಸಲ, ಅಕ್ಕನಿಗೆ ಜ್ವರ ಬಂದಿದ್ದಾಗ, ಅವನು ಅಪ್ಪನನ್ನು ತಿರುಗಿಸಲು ಹೋಗಿದ್ದ. ಹಾಸಿಗೆ ಒದ್ದೆಯಾಗಿತ್ತು. ವಾಸನೆಗೆ ಅವನು ಮುಖ ಹೊರಳಿಸಿದ್ದನ್ನು ಅಪ್ಪ ನೋಡಿದ. ಎಡಗೈಯಿಂದ ಹೊದಿಕೆಯನ್ನು ಎಳೆದುಕೊಳ್ಳಲು ಪರದಾಡುತ್ತ “ಆಯ್ತು, ಆಯ್ತು” ಎಂದ. ಅಕ್ಕ ಜ್ವರದಲ್ಲೇ ಎದ್ದು ಬಂದಳು. “ಸರಿ ಆಚೆ, ಪಂಡಿತ,” ಎಂದಳು.

“ಚೆನ್ನಾಗಿ ಕಲ್ತಿದ್ದೀಯ,” ಎಂದರು ಡೀನ್ ಮೇಡಂ, ಲೋಟದ ನೀರನ್ನು ಇವನ ಕಡೆ ಸರಿಸಿ. “ನಮ್ಮಣ್ಣಂದಿರು ಯಾರೂ ಇಷ್ಟು ತಿಳ್ಕೊಳ್ಳಲಿಲ್ಲ.” ಅವನು ನೀರು ಕುಡಿದ. ಮೇಡಂ ಪೆನ್ನು ತೆಗೆದು, ಎಂಟನೆಯ ಕಲಮಿನ ಪಕ್ಕದಲ್ಲಿ ಒಂದು ಸಣ್ಣ ಗೆರೆ ಎಳೆದು, ಫೋನಿನ ಕಡೆ ಕೈಚಾಚಿದರು. “ಬೇಜಾರು ಮಾಡ್ಕೋಬೇಡ. ಈಗ ಮನೆಗೆ ಫೋನ್ ಮಾಡಿ ಕೇಳ್ದೆ ನಾನು ಯಾರಿಗೂ ಸಹಿ ಹಾಕಲ್ಲ. ಹೋದ ವರ್ಷ ಒಬ್ಬ ಇಲ್ಲದ ಅಜ್ಜಿಗೆ ಕ್ಯಾನ್ಸರ್ ಬರಿಸಿ ರಜೆ ತಗೊಂಡು ನಾಟಕದ ಕಂಪನಿ ಸೇರಿದ್ದ. ಈಗ ಅಪ್ಪನ ಹತ್ರ ಯಾರಿದ್ದಾರೆ?”

“ಒಬ್ಬರು… ಬರ್ತಾರೆ. ನಾನು ಇಲ್ದಿದ್ದಾಗ,” ಎಂದ ಅವನು.

ಫೋನಿನ ಧ್ವನಿಯನ್ನು ಅವರು ಜೋರಾಗಿಸಿಟ್ಟರು. ಆ ಕಡೆ ಗಂಟೆ ಬಾರಿಸತೊಡಗಿತು. ಅಕ್ಕನಿಗೆ ಅವನು ಒಂದು ಮಾತೂ ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ, ಆದೇಶ ಕೈಗೆ ಬಂದ ಮೇಲೆ ಎದುರಿಗಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದ. ಈಗ ಅವಳು ಎತ್ತುತ್ತಾಳೆ, ನಾನು ಅವನ ಅಕ್ಕ, ನಾನಿದ್ದೀನಲ್ಲ, ಅವನು ಓದಲಿ ಅನ್ನುತ್ತಾಳೆ. ಸುಳ್ಳು ಅರ್ಜಿ ಕೊಟ್ಟವನೆಂದು ಇವನನ್ನು ಶಿಸ್ತು ಸಮಿತಿಗೆ ಕಳಿಸುತ್ತಾರೆ. ಅಕ್ಕನ ಪತ್ರ ಕನ್ನಡಿಯ ಹಿಂದೆಯೇ ಹಳದಿಯಾಗುತ್ತದೆ. ಎತ್ತಬೇಡ ಎಂದು ಬೇಡಿಕೊಂಡ. ಅವಳು ಎತ್ತಿದಳು.

“ನಾನು ಕಾಲೇಜಿಂದ, ಡೀನ್ ಮಾತಾಡ್ತಿರೋದು.”

“ಅಯ್ಯೋ, ಏನಾಯ್ತು ಅವನಿಗೆ?”

“ಏನೂ ಆಗಿಲ್ಲ, ಗಾಬರಿಯಾಗ್ಬೇಡಿ. ಇಲ್ಲೇ ಎದುರಿಗೆ ಕೂತಿದ್ದಾನೆ. ತಂದೆಯನ್ನ ನೋಡ್ಕೊಳ್ಳೋಕೆ ಮನೇಲಿ ಬೇರೆ ಯಾರೂ ಇಲ್ಲ ಅಂತ ಒಂದು ಸೆಮಿಸ್ಟರ್ ರಜೆ ಕೇಳಿದ್ದಾನೆ. ಅದು ನಿಜಾನಾ ಅಂತ ತಿಳ್ಕೋಬೇಕಿತ್ತು. ನೀವು ಯಾರು?”

ಆ ಕಡೆ, ದೂರದಲ್ಲಿ, ಮಂಚದಿಂದ ಅಪ್ಪನ ದನಿ, “ಆಯ್ತು.”

“ಹೌದು, ನಿಜ,” ಎಂದಳು ಅಕ್ಕ. “ಬೇರೆ ಯಾರೂ ಇಲ್ಲ.”

“ಮತ್ತೆ ನೀವು?”

“ನಾನು ಕೆಲಸಕ್ಕೆ ಬರೋಳು.”

ದೀಪ ಹೊತ್ತಿದ ಕೂಡಲೆ ಗುಂಡಿ ಒತ್ತಿದ ಹಾಗೆ ಬಂತು ಮಾತು. ತಡವರಿಕೆ ಇರಲಿಲ್ಲ, ನಡುಕವಿರಲಿಲ್ಲ. ಅವನು ಮದುವೆಯ ಕರೆಯೋಲೆಯ ಮೇಲಿನ ಬಂಗಾರದ ಬಳ್ಳಿಯನ್ನು ನೋಡುತ್ತಿದ್ದ. ಎಷ್ಟು ಸಲೀಸಾಗಿ ಹೇಳಿದಳು! ತಾನು ಕೂತು ಒಂದು ನಮೂನೆ ಕೆಡಿಸಿ ಬರೆದದ್ದನ್ನು ಇವಳು ಎಷ್ಟೋ ವರ್ಷದಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡು, ಯಾರಾದರೂ ಕೇಳಲಿ ಎಂದು ಕಾದಿದ್ದಳೇ?

“ಎಷ್ಟು ದಿನದಿಂದ ಬರ್ತಿದ್ದೀರಿ?”

“ಅಮ್ಮ ಹೋದಾಗಿಂದ.” ತಿದ್ದಿಕೊಂಡಳು. “ಅವರಮ್ಮ.”

ಡೀನ್ ಮೇಡಂ ತಲೆಯೆತ್ತಿ ಇವನನ್ನು ನೋಡಿದರು. ಇವನು ನೋಡಲಿಲ್ಲ. “ಅಂದ್ರೆ ತುಂಬ ವರ್ಷ ಆಯ್ತು,” ಎಂದರು ಅವರು ಅರ್ಜಿಯಲ್ಲಿ ತಾಯಿ ತೀರಿಕೊಂಡ ವರ್ಷ ನೋಡಿ. “ಮುಂದೂ ನೀವೇ ಇರ್ತೀರಾ?”

“ಇಲ್ಲ ಮೇಡಂ. ತಿಂಗಳ ಕೊನೇಲಿ ಬಿಟ್ಟು ಹೋಗ್ತಿದ್ದೀನಿ. ಬೇರೆ ಕಡೆ ಕೆಲಸ ಆಗಿದೆ.”

“ಹುಡುಗನಿಗೆ ಇದೆಲ್ಲ ನಿಭಾಯಿಸೋಕೆ ಬರುತ್ತಾ?”

“ಬಾಯಲ್ಲಿ ಬರುತ್ತೆ,” ಎಂದಳು ಅಕ್ಕ. ಅವಳು ನಕ್ಕಳೋ ಏನೋ, ಉಸಿರು ಫೋನಿಗೆ ತಾಗಿತು. “ಕೈಗೆ ನಾನು ಕಲಿಸಿಕೊಟ್ಟು ಹೋಗ್ತೀನಿ. ಅವನ ಓದು ಮಾತ್ರ ನಿಲ್ಲೋ ಹಾಗೆ ಮಾಡ್ಬೇಡಿ ಮೇಡಂ. ವಾಪಸು ಸೇರಿಸ್ಕೊಳ್ತೀರಲ್ಲ?”

“ಸೇರಿಸ್ಕೊಳ್ತೀವಿ.”

ಫೋನಿಟ್ಟು ಅವರು ಮತ್ತೆ ಅರ್ಜಿಯನ್ನು ತಿರುವಿ ನೋಡಿದರು. ಅವರಿಗೆ ತಿಳಿಯಿತು ಎಂದು ಅವನಿಗೆ ಅನಿಸಿತು. ತಿಳಿಯಲಿಲ್ಲ ಎಂದೂ ಅನಿಸಿತು. ಕೊನೆಗೆ ‘ಮಂಜೂರು ಮಾಡಲಾಗಿದೆ’ ಎಂದು ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ಇವನ ಕಡೆ ತಳ್ಳಿದರು. “ಮರುಸೇರ್ಪಡೆಯ ದಿನಾಂಕ ಮರೀಬೇಡ. ಮತ್ತೆ ಆ ಕೆಲಸಕ್ಕೆ ಬರೋರಿಗೆ,” ಎಂದು ನಿಲ್ಲಿಸಿ, “ನಾನು ನಮಸ್ಕಾರ ಹೇಳ್ದೆ ಅಂತ ಹೇಳು,” ಎಂದರು.

ಹಾಸ್ಟೆಲ್ ಕೋಣೆ ಖಾಲಿ ಮಾಡಿ, ಕೀಲಿಕೈ ಕೊಟ್ಟು, ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅಕ್ಕನ ಎದುರು ಆಡಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತ ಹೋದ. ನಿನಗೋಸ್ಕರ ಮಾಡಿದೆ ಎಂದರೆ ಅರ್ಧ ಸುಳ್ಳು. ನನಗೋಸ್ಕರ ಮಾಡಿದೆ ಎಂದರೂ ಅರ್ಧ ಸುಳ್ಳು. ಮನೆ ತಲುಪಿದಾಗ ಬಿಸಿಲು ಇಳಿದಿತ್ತು. ಅಕ್ಕ ಬಾಗಿಲು ತೆರೆದು, ಪೆಟ್ಟಿಗೆಯನ್ನೂ ಅವನನ್ನೂ ನೋಡಿ, “ಯಾರು ಬೇಕಿತ್ತು?” ಎಂದಳು. ಅವಳ ತಮಾಷೆಯ ದನಿಯೇ. ಆದರೆ ಅವನ ಮುಖ ಏನಾಯಿತೋ, ಅವಳೇ ದಾರಿ ಬಿಟ್ಟು, “ಕೈ ತೊಳ್ಕೊಂಡು ಬಾ. ಅಪ್ಪನ್ನ ತಿರುಗಿಸೋ ಹೊತ್ತು,” ಎಂದಳು.

ಅವಳು ಬಯ್ಯಲಿಲ್ಲ. ಮೂರು ವಾರ ಪಾಠ ಮಾತ್ರ ಹೇಳಿದಳು. ಒದ್ದೆ ಬಟ್ಟೆ ಮುದ್ದೆ ಮಾಡುವಾಗ ಉಸಿರು ಬಿಗಿಹಿಡೀಬೇಡ, ಬಾಯಲ್ಲಿ ಉಸಿರಾಡು, ಮುಖ ತಿರುಗಿಸ್ಬೇಡ, ಅಪ್ಪನಿಗೆ ಮುಖ ಬೇಕು. ಮೊದಲೆರಡು ದಿನ ಅವನಿಗೆ ವಾಂತಿ ಬಂತು. ಆಮೇಲೆ ಬರಲಿಲ್ಲ. ಹೊರಡುವ ಮುನ್ನಾದಿನ ಮಧ್ಯಾಹ್ನ ಅವಳು ಬಟ್ಟೆ ಮಡಿಸುತ್ತಿದ್ದಾಗ ಕೇಳಿಯೇಬಿಟ್ಟ. “ಅಕ್ಕಾ, ನನ್ಮೇಲೆ ಸಿಟ್ಟಾ?”

“ಕೆಲಸದೋಳಿಗೆ ಸಿಟ್ಟು ಬಂದ್ರೆ ಯಾರಪ್ಪನ ಗಂಟು ಹೋಗುತ್ತೆ?” ಎಂದು ನಕ್ಕಳು. ನಗು ಮುಗಿದ ಮೇಲೆ ಕೈಯಲ್ಲಿದ್ದ ಅಂಗಿಯನ್ನು ಮಡಿಸದೆ ಹಾಗೇ ಹಿಡಿದುಕೊಂಡು ಕೂತಳು. “ಒಂದು ಮಾತು ಹೇಳ್ತೀನಿ ಬುಡ್ಡಿ, ಯಾರಿಗೂ ಹೇಳ್ಬೇಡ. ಫೋನಲ್ಲಿ ಹಾಗಂದಾಗ ನಂಗೆ ಅಳು ಬರ್ಬೇಕಿತ್ತು. ಹಗುರ ಆಯ್ತು ಕಣೋ. ನಾನು ಯಾರೂ ಅಲ್ಲ, ಕೆಲಸ ಬಿಟ್ಟು ಹೋಗ್ಬಹುದು ಅಂತ. ಅಪ್ಪ ಅಲ್ಲೇ ನೋಡ್ತಾ ಮಲಗಿದ್ರು. ನಾನು ಬೆನ್ನು ಹಾಕಿ ನಿಂತ್ಕೊಂಡು ಹೇಳ್ದೆ.” ಅವಳು ಈಗ ಅಳುತ್ತಿದ್ದಳು. ಅವನಿಗೂ ಅಳು ಬಂತು. ತನಗೆ ಸಿಕ್ಕಿದ ನೆಮ್ಮದಿಯ ಕಥೆಯನ್ನು ಆಗ ಹೇಳಿಬಿಟ್ಟಿದ್ದರೆ ಇಬ್ಬರ ಭಾರವೂ ಇಳಿಯುತ್ತಿತ್ತೇನೋ. ಹೇಳಲಿಲ್ಲ. ಅಂಗಿಯ ಇನ್ನೊಂದು ತುದಿ ಹಿಡಿದು ಮಡಿಸಲು ನೆರವಾದ.

ಮರುದಿನ ಬೆಳಿಗ್ಗೆ ಅವಳು ಅಪ್ಪನ ಹಣೆಗೆ ಹಣೆ ತಾಗಿಸಿ, “ಹೋಗಿ ಬರ್ತೀನಿ,” ಎಂದಳು. “ಆಯ್ತು,” ಎಂದ ಅಪ್ಪ. ಅವಳ ಹೆಜ್ಜೆ ಮೆಟ್ಟಿಲಿಳಿದು ಬೀದಿಯ ಸದ್ದಿಗೆ ಸೇರಿಹೋಯಿತು.

ಅವನು ಒಬ್ಬನೇ ಅಪ್ಪನನ್ನು ತಿರುಗಿಸಿದ. ಕೈ ಎಳೆಯಲಿಲ್ಲ. ಮಂಡಿಗೆ ದಿಂಬು, ಬೆನ್ನಿಗೆ ದಿಂಬು, ಹಿಮ್ಮಡಿ ಮೇಲೆ. ಕೂರಿಸಿ, ಗಲ್ಲ ಎದೆಗೆ ತಾಗಿಸಿ, ಎಡಗಡೆಯಿಂದ ಚಮಚ. ಅಪ್ಪನ ಕಣ್ಣು ಇವನನ್ನು ದಾಟಿ ಬಾಗಿಲ ಮೇಲೆ ನಿಂತಿತ್ತು. ಆಮೇಲೆ ಎಡಗೈ ನಿಧಾನವಾಗಿ ಮೇಲೆದ್ದಿತು. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡ ಅಪ್ಪ ಎದುರು ಗೋಡೆಯ ಕಡೆ ನೋಡಿದ. ಅಂಗಡಿ ಮುಚ್ಚಿದಾಗ ಅಕ್ಕ ತಂದು ತೂಗುಹಾಕಿದ ಹಲಗೆ ಅಲ್ಲಿತ್ತು. ದಿನಾ ಹೀಗೆ ಮಾಡಿದಾಗ ಅಕ್ಕ ತಲೆಬಾಗಿಲಿನಿಂದಲೇ ಕೊನೆಯ ಸಾಲನ್ನು ಪಟಪಟನೆ ಓದುತ್ತಿದ್ದಳು, ಅಪ್ಪ ಹಿಗ್ಗುತ್ತಿದ್ದ. ಅವಳು ಇಲ್ಲಿಲ್ಲ ಎಂದು ಹೇಗೆ ಹೇಳುವುದು? ಅವನು ಬಟ್ಟಲು ಕೆಳಗಿಟ್ಟು, ಚಿಕ್ಕಂದಿನ ಹಾಗೆ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿಕೊಂಡು, ಮೇಲಿನಿಂದ ಓದಿದ. ದೊಡ್ಡದು ಕಂಡಿತು. ಅದರ ಕೆಳಗಿನದು ಕಂಡಿತು. ನಡುವಿನ ಸಾಲಿನ ಹತ್ತಿರ ಇರುವೆಗಳು ಶುರುವಾದವು. ಕೊನೆಯ ಸಾಲು ಬಾಯಿಗೆ ಬರುತ್ತಿತ್ತು, ಅಷ್ಟು ವರ್ಷದ ಹಿಂದೆ ಕಲಿತದ್ದು, ಅಕ್ಕನ ದನಿಯಲ್ಲೇ. ಅವನು ಬಾಯಿ ತೆರೆದ. ಅಪ್ಪ ಕೈ ಇಳಿಸದೆ ಕಾಯುತ್ತಿದ್ದ.

“ಕಾಣ್ತಿಲ್ಲ ಅಪ್ಪಾ,” ಎಂದ ಅವನು. “ನಂಗೆ ಕಾಣ್ತಿಲ್ಲ. ಅದು ಅಕ್ಕನಿಗೆ ಕಾಣೋದು.”

ಅಪ್ಪ ಕೈಯನ್ನು ಕಣ್ಣಿನಿಂದ ಇಳಿಸಿ, ಇವನ ಮುಂಗೈಯ ಮೇಲಿಟ್ಟ.

“ಆಯ್ತು,” ಎಂದ.